ವಿಚಾರಣೆಗೆ ಮುಂಚೆ ರಾಜಿ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಟಿನ ಮೊಗಸಾಲೆಯಲ್ಲಿ, ಫೋನಿನಲ್ಲಿ, ಮದುವೆ ಮನೆ ಊಟದ ಪಂಕ್ತಿಯಲ್ಲಿ ಕೂಡ ಕಕ್ಷಿದಾರರು ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿರುವುದು ಕರ್ನಾಟಕದ ಸಿವಿಲ್ ಕೋರ್ಟುಗಳ ಮಾತು, ಅದರಲ್ಲೂ ಹಣ ವಸೂಲಿ ದಾವೆಯ ಮಾತು. ಆಸ್ತಿ ಪಾಲಿನ ಕೇಸುಗಳ ಲೆಕ್ಕ ಬೇರೆ, ಅದಕ್ಕೆ ಕೈ ಹಾಕಿಲ್ಲ.

## ಮೊದಲ ಪ್ರಶ್ನೆಗಳು

ನ್ಯಾಯ ಕೇಳೋಕೆ ಕೋರ್ಟಿಗೆ ಬಂದ್ರೆ ಜಡ್ಜ್ ಸಾಹೇಬ್ರೇ "ರಾಜಿ ಮಾಡ್ಕೊಳ್ಳಿ" ಅಂತಾರಲ್ಲ, ಯಾಕೆ?

ಹಾಗೆ ಹೇಳುವುದು ಅವರ ಕೆಲಸದ ಒಂದು ಭಾಗ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 89ನೇ ಕಲಮು ಅಂತ ಒಂದಿದೆ, 2002ರ ಜುಲೈನಿಂದ ಜಾರಿಯಲ್ಲಿದೆ. ರಾಜಿಯಾಗುವ ಸಾಧ್ಯತೆ ಕಂಡರೆ ಕೇಸನ್ನು ಮೀಡಿಯೇಶನ್, ಲೋಕ ಅದಾಲತ್ ಇಂಥ ಕಡೆ ಕಳಿಸಬೇಕು ಅಂತ ಅದು ಹೇಳುತ್ತದೆ. 2010ರಲ್ಲಿ ಆಫ್ಕಾನ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ರಾಜಿಗೆ ಹೊಂದುವ ಕೇಸಾದರೆ ಕಳಿಸುವ ಬಗ್ಗೆ ಜಡ್ಜ್ ಯೋಚಿಸಲೇಬೇಕು. ಮೀಡಿಯೇಶನ್‌ಗೆ ಕಳಿಸಲು ಪಾರ್ಟಿಗಳ ಒಪ್ಪಿಗೆಯೂ ಬೇಕಿಲ್ಲ. ಹೋಗಿ ಕೂರಬೇಕು ಅಷ್ಟೆ, ಒಪ್ಪಲೇಬೇಕು ಅಂತೇನಿಲ್ಲ.

ಇದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ದೇಶದ ಕೆಳ ಕೋರ್ಟುಗಳಲ್ಲಿ 4 ಕೋಟಿಗೂ ಜಾಸ್ತಿ ಕೇಸುಗಳು ಬಾಕಿ ಇವೆ. ಆದರೆ ಜನ ಗಮನಿಸದ ಇನ್ನೊಂದು ಕಾರಣ ಇದೆ. ಜಡ್ಜ್ ತೀರ್ಪು ಬರೆದರೆ ಒಬ್ಬರು ಸೋಲುತ್ತಾರೆ, ಸೋತವರು ಅಪೀಲು ಹೋಗುತ್ತಾರೆ. ಜಿಲ್ಲಾ ಕೋರ್ಟು, ಆಮೇಲೆ ಹೈಕೋರ್ಟಿನಲ್ಲಿ ಎರಡನೇ ಅಪೀಲು. ಅದೆಲ್ಲ ಮುಗಿದರೂ ತೀರ್ಪಿನಂತೆ ದುಡ್ಡು ವಸೂಲಿ ಮಾಡಿಸಲು ಅಮಲ್ಜಾರಿ ಅಂತ ಮತ್ತೊಂದು ಕೇಸು. ರಾಜಿಯಾದರೆ ಅದರಂತೆ ಕೋರ್ಟ್ ಕೊಡುವ ಅಂತಿಮ ಆದೇಶವೇ ರಾಜಿ ಡಿಕ್ರಿ. ಅದಕ್ಕೆ ಮಾಮೂಲಿ ಅಪೀಲು ಇಲ್ಲ, 96ನೇ ಕಲಮಿನ 3ನೇ ಉಪಕಲಮು ಅದನ್ನು ತಡೆಯುತ್ತದೆ. ಹಾಗಾಗಿ ಒಂದು ರಾಜಿಯಿಂದ ಉಳಿಯುವುದು ಒಂದು ಕೇಸಲ್ಲ, ಮೂರೋ ನಾಲ್ಕೋ.

ಅಂದ್ರೆ ನನ್ನ ಕೇಸಲ್ಲಿ ಹುರುಳಿಲ್ಲ ಅಂತ ಅವರಿಗೆ ಅನ್ನಿಸಿದೆಯಾ?

ಇಲ್ಲ. ಆ ಹಂತದಲ್ಲಿ ಜಡ್ಜ್ ನಿಮ್ಮ ಸಾಕ್ಷಿಯನ್ನೇ ನೋಡಿರುವುದಿಲ್ಲ. ದಾವೆ, ಅದಕ್ಕೆ ಎದುರಿನವರು ಕೊಟ್ಟ ತಕರಾರು, ಜೊತೆಗಿಟ್ಟ ಒಂದಿಷ್ಟು ದಾಖಲೆ, ಅಷ್ಟನ್ನು ತಿರುವಿ ಹಾಕಿ "ಇದು ಕೂತು ಮಾತಾಡುವ ಕೇಸು" ಅಂದುಕೊಂಡಿರುತ್ತಾರೆ. ಅದೇ ಮಾತನ್ನು ಎದುರು ಪಾರ್ಟಿಗೂ ಹೇಳಿರುತ್ತಾರೆ.

ಮೀಡಿಯೇಶನ್, ಲೋಕ ಅದಾಲತ್ ಎರಡೂ ಒಂದೇನಾ?

ಅಲ್ಲ. ಲೋಕ ಅದಾಲತ್ ವರ್ಷದಲ್ಲಿ ಕೆಲವು ದಿನ ನಡೆಯುತ್ತದೆ. ಒಂದೇ ದಿನ ರಾಶಿ ಕೇಸು ಬರುತ್ತವೆ, ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಒಳಗೊಳಗೆ ಮಾತು ಮುಗಿದು ಸಹಿ ಹಾಕುವುದಷ್ಟೇ ಬಾಕಿ ಇರುವ ಕೇಸಿಗೆ ಅದು ಸರಿ. ಅಲ್ಲಿ ಆದ ರಾಜಿಯ ಆದೇಶಕ್ಕೆ ಅವಾರ್ಡ್ ಅಂತಾರೆ, ಅದು ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ.

ಮೀಡಿಯೇಶನ್‌ನಲ್ಲಿ ಸಮಯ ಸಿಗುತ್ತದೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಅಡಿಯಲ್ಲಿ 2007ರಿಂದ ಮೀಡಿಯೇಶನ್ ಸೆಂಟರ್ ನಡೆಯುತ್ತಿದೆ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ತರಬೇತಿ ಪಡೆದ ವಕೀಲರೇ ಮಧ್ಯಸ್ಥಗಾರರು. ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತು ಕೇಳುತ್ತಾರೆ. ಆಮೇಲೆ ಒಬ್ಬರನ್ನು ಹೊರಗೆ ಕಳಿಸಿ ಇನ್ನೊಬ್ಬರ ಜೊತೆ ಮಾತಾಡುತ್ತಾರೆ. ನಿಜವಾದ ಕೆಲಸ ಆಗುವುದು ಈ ಎರಡನೇ ಭಾಗದಲ್ಲಿ. ಎದುರಿನವರ ಮುಂದೆ "ಒಂದು ಪೈಸೆ ಬಿಡಲ್ಲ" ಅಂದವರು, ಬಾಗಿಲು ಹಾಕಿದ ಮೇಲೆ "ಮಗಳ ಮದುವೆ ಇದೆ ಸಾರ್, ಯುಗಾದಿ ಒಳಗೆ ಸಿಕ್ಕರೆ ಸಾಕು" ಅನ್ನುತ್ತಾರೆ. ಮಧ್ಯಸ್ಥಗಾರರಿಗೆ ಬೇಕಿದ್ದದ್ದು ಆ ಮಾತೇ.

ಅಲ್ಲಿ ನಾನು ಬಾಯಿ ಬಿಟ್ಟಿದ್ದು ಆಮೇಲೆ ನನ್ನ ಮೇಲೇ ತಿರುಗಲ್ವಾ?

ತಿರುಗುವುದಿಲ್ಲ. ಮಾತು ಮುರಿದರೆ ಮಧ್ಯಸ್ಥಗಾರರು ಕೋರ್ಟಿಗೆ "ರಾಜಿ ಆಗಲಿಲ್ಲ" ಅಂತ ಮಾತ್ರ ಬರೆಯಬೇಕು. ಯಾರು ಎಷ್ಟು ಬಿಡಲು ತಯಾರಿದ್ದರು, ಯಾರು ಹಟ ಹಿಡಿದರು, ಯಾವುದನ್ನೂ ಬರೆಯುವಂತಿಲ್ಲ. "3 ಲಕ್ಷಕ್ಕೆ ಒಪ್ಪಿದ್ದರು ಸ್ವಾಮಿ" ಅಂತ ಎದುರು ವಕೀಲರು ಪಾಟಿ ಸವಾಲಿನಲ್ಲಿ ಎತ್ತಿದರೆ ನಿಮ್ಮ ವಕೀಲರು ಅಲ್ಲೇ ಆಕ್ಷೇಪ ಎತ್ತಬೇಕು. ಆದರೆ ಒಂದು ಎಚ್ಚರ. ಈ ರಕ್ಷಣೆ ಮೀಡಿಯೇಶನ್ ಕೋಣೆಯದ್ದು. ನೀವೇ ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ಚೌಕಾಸಿ ಮಾಡಿದರೆ ಆ ಸಂದೇಶಗಳಿಗೂ ಅದೇ ರಕ್ಷಣೆ ಇದೆ ಅಂತ ನಂಬಿಕೊಳ್ಳಬೇಡಿ.

## ದುಡ್ಡಿನ ಲೆಕ್ಕ, ವರ್ಷಗಳ ಲೆಕ್ಕ

ಕೈಸಾಲದ ಕೇಸು, ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲೇ ಇದೆ. ವರ್ಷಗಟ್ಟಲೆ ಯಾಕೆ ಬೇಕು?

ದಾವೆ ಹಾಕಿದ ಮೇಲೆ ಸಮನ್ಸ್ ಹೋಗಬೇಕು. ಮನೆ ಬದಲಾಯಿಸಿದ್ದಾರೆ, ಬಾಗಿಲು ಹಾಕಿದೆ ಅಂತ ಅದೇ ಎಷ್ಟೋ ಸಲ ವಾಪಸ್ ಬರುತ್ತದೆ. ಸಮನ್ಸ್ ತಲುಪಿದ ಮೇಲೆ ಪ್ರತಿವಾದಿಗೆ ತಕರಾರು ಸಲ್ಲಿಸಲು 30 ದಿನ, ಕಾರಣ ಕೊಟ್ಟರೆ 90 ದಿನದವರೆಗೆ. ಆಮೇಲೆ ಕೋರ್ಟ್ ವಿವಾದಾಂಶಗಳನ್ನು ಬರೆಯುತ್ತದೆ. ರಾಜಿಗೆ ಕಳಿಸುವ ಸರಿಯಾದ ಹೊತ್ತು ಹೆಚ್ಚು ಕಡಿಮೆ ಇದೇ.

ಅದಾದ ಮೇಲೆ ನಿಮ್ಮ ಮುಖ್ಯ ವಿಚಾರಣೆಯ ಅಫಿಡವಿಟ್, ಪಾಟಿ ಸವಾಲು, ಎದುರಿನವರ ಸಾಕ್ಷಿ, ಅವರ ಪಾಟಿ ಸವಾಲು, ವಾದ, ತೀರ್ಪು. ಕೆಲಸದ ಹೊತ್ತು ಎಲ್ಲ ಸೇರಿಸಿದರೂ ಕೆಲವೇ ಗಂಟೆ. ವರ್ಷಗಳನ್ನು ತಿನ್ನುವುದು ಒಂದು ವಾಯಿದೆಗೂ ಮುಂದಿನ ವಾಯಿದೆಗೂ ನಡುವಿನ ಅಂತರ. ವಕೀಲರಿಗೆ ಹುಷಾರಿಲ್ಲ, ಜಡ್ಜ್ ರಜೆ, ಜಡ್ಜ್ ವರ್ಗಾವಣೆ, ಹೊಸಬರು ಬಂದು ಫೈಲು ಓದುವ ತನಕ ಕಾಯಬೇಕು. ಹಾಗಾಗಿ "ನನ್ನ ದಾಖಲೆ ಗಟ್ಟಿ ಇದೆ, ಬೇಗ ಮುಗಿಯುತ್ತೆ" ಅನ್ನುವ ಲೆಕ್ಕ ನಡೆಯುವುದಿಲ್ಲ. ಗಟ್ಟಿ ಕೇಸೂ ಅದೇ ಸಾಲಿನಲ್ಲಿ ನಿಲ್ಲುತ್ತದೆ.

5 ಲಕ್ಷ ಬರಬೇಕು, 3 ಲಕ್ಷಕ್ಕೆ ಒಪ್ಪಿ ಅಂತಾರೆ. 2 ಲಕ್ಷ ಬಿಡೋಕೆ ನಂಗೇನು ಹುಚ್ಚಾ?

ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು. ಒಂದು ಉದಾಹರಣೆ ಮಾಡಿಕೊಳ್ಳೋಣ. ನೀವು ಪರಿಚಯದವರಿಗೆ ಬ್ಯಾಂಕ್ ಮೂಲಕ 5 ಲಕ್ಷ ಕಳಿಸಿದ್ದೀರಿ. ಪತ್ರ ಬರೆಸಿಕೊಂಡಿಲ್ಲ. ಅವರೀಗ "ಅದು ಸಾಲ ಅಲ್ಲ, ನನಗೆ ಬರಬೇಕಿದ್ದ ಹಳೇ ಬಾಕಿ ತೀರಿಸಿದ್ದು" ಅಂತ ತಕರಾರು ಹಾಕಿದ್ದಾರೆ. ದುಡ್ಡು ಹೋಗಿದ್ದು ಖಚಿತ, ಯಾತಕ್ಕೆ ಹೋಯಿತು ಅನ್ನುವುದೇ ಜಗಳ. ನಿಮ್ಮ ವಕೀಲರು "ನೂರಕ್ಕೆ ಎಪ್ಪತ್ತು ಭಾಗ ಗೆಲ್ತೀವಿ" ಅಂತಾರೆ. ಇನ್ನೂ 4 ವರ್ಷ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ.

ಗೆದ್ದರೆ ಏನು ಸಿಗುತ್ತದೆ? ಅಸಲು 5 ಲಕ್ಷ. ಬಡ್ಡಿಯ ಕರಾರಿಲ್ಲದ ಕಾರಣ ಕೋರ್ಟ್ 6 ಪರ್ಸೆಂಟ್ ಕೊಟ್ಟಿತು ಅನ್ನೋಣ, 4 ವರ್ಷಕ್ಕೆ 1 ಲಕ್ಷ 20 ಸಾವಿರ. ನೀವು ಕಟ್ಟಿದ್ದ ಕೋರ್ಟ್ ಫೀ ಸುಮಾರು 33 ಸಾವಿರ ವಾಪಸ್. ಒಟ್ಟು 6 ಲಕ್ಷ 53 ಸಾವಿರ. ಸೋತರೆ ಸೊನ್ನೆ. ಎಪ್ಪತ್ತು ಪರ್ಸೆಂಟಿನ ಲೆಕ್ಕದಲ್ಲಿ ಅದರ ಬೆಲೆ 4 ಲಕ್ಷ 57 ಸಾವಿರ.

ಆದರೆ ಅದು 4 ವರ್ಷ ಆದ ಮೇಲಿನ ದುಡ್ಡು. ಈ ನಡುವೆ ನೀವು ಅಂಗಡಿಗೆ 12 ಪರ್ಸೆಂಟಿಗೆ ಸಾಲ ತಂದಿದ್ದೀರಿ ಅನ್ನಿ. ಸರಳ ಬಡ್ಡಿ ಹಿಡಿದರೂ 4 ವರ್ಷಕ್ಕೆ 48 ಪರ್ಸೆಂಟ್ ಆಯಿತು. ಆಗ ಸಿಗುವ 4 ಲಕ್ಷ 57 ಸಾವಿರದ ಇವತ್ತಿನ ಬೆಲೆ ಸುಮಾರು 3 ಲಕ್ಷ 9 ಸಾವಿರ. ವಕೀಲರ ಮುಂದಿನ ಫೀ, ಓಡಾಟ, ಅಂಗಡಿ ಮುಚ್ಚಿದ ದಿನಗಳ ನಷ್ಟ ಸೇರಿ ಇನ್ನೂ 60 ಸಾವಿರ ಖರ್ಚಾಗುತ್ತದೆ. ಅದನ್ನು ಕಳೆದರೆ ಉಳಿಯುವುದು 2 ಲಕ್ಷ 49 ಸಾವಿರ.

ಅಂದರೆ ಇವತ್ತು ನಿಮ್ಮ ಕೈಯಲ್ಲಿರುವುದು 5 ಲಕ್ಷ ಅಲ್ಲ, ಎರಡೂವರೆ ಲಕ್ಷ ಬೆಲೆಯ ಒಂದು ಕೇಸು. 3 ಲಕ್ಷ ನಗದಾಗಿ ಸಿಕ್ಕರೆ ಅದಕ್ಕಿಂತ ಜಾಸ್ತಿಯೇ. ಡಿಕ್ರಿ ಆದ ಮೇಲೆ ವಸೂಲಾಗದಿರುವ ಭಯವನ್ನು ನಾನಿನ್ನೂ ಸೇರಿಸಿಲ್ಲ. ಎದುರಿನವರು ಅಷ್ಟರೊಳಗೆ ಸೈಟನ್ನು ಹೆಂಡತಿ ಹೆಸರಿಗೆ ಮಾಡಿದ್ದರೆ ಈ ಅಂಕಿ ಇನ್ನೂ ಕೆಳಗಿಳಿಯುತ್ತದೆ. ಡಿಕ್ರಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಅಂತ ಬ್ರಿಟಿಷರ ಕಾಲದ ಕೊನೆಯ ಅಪೀಲು ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದೂ ಇದೇ ಲೆಕ್ಕವನ್ನು.

ಈ ಅಂಕಿಗಳು ಬರೀ ಉದಾಹರಣೆ. ನಿಮ್ಮ ಎಪ್ಪತ್ತು ಐವತ್ತಾಗಬಹುದು, 4 ವರ್ಷ 2 ಆಗಬಹುದು. ಬದಲಾಯಿಸಿ ಹಾಕಿ ನೋಡಿ. ವಕೀಲರ ಹತ್ತಿರ "ಗೆಲ್ತೀವಾ?" ಅಂತ ಕೇಳುವ ಬದಲು "ನೂರರಲ್ಲಿ ಎಷ್ಟು, ಎಷ್ಟು ವರ್ಷ, ಇನ್ನೆಷ್ಟು ಖರ್ಚು?" ಅಂತ ಮೂರು ಪ್ರಶ್ನೆ ಕೇಳಿ.

ಹಾಗಾದ್ರೆ ಎದುರು ಪಾರ್ಟಿ ಯಾಕೆ ಕೊಡ್ತಾನೆ? ಎಳೆದಾಡ್ತಾ ಇರಬಹುದಲ್ವಾ?

ಅವರ ಕಡೆಯಿಂದ ಅದೇ ಲೆಕ್ಕ ಹಾಕಿ. ಅವರಿಗೂ ಸೋಲುವ ಭಯ ನೂರಕ್ಕೆ ಎಪ್ಪತ್ತು. ಅವರಿಗೂ ದುಡ್ಡಿನ ಬೆಲೆ 12 ಪರ್ಸೆಂಟ್ ಅಂದರೆ, ಮುಂದೆ ಕೊಡಬೇಕಾದ್ದರ ಇವತ್ತಿನ ಭಾರ ಅದೇ 3 ಲಕ್ಷ 9 ಸಾವಿರ. ಅದರ ಮೇಲೆ ಅವರ ವಕೀಲರ ಖರ್ಚು 50 ಸಾವಿರ. ಹಾಗಾಗಿ 3 ಲಕ್ಷ 59 ಸಾವಿರದ ಒಳಗೆ ಎಷ್ಟಕ್ಕೆ ಮುಗಿದರೂ ಅವರಿಗೆ ಲಾಭ.

ನಿಮ್ಮ ಕೆಳಗಿನ ಗೆರೆ 2 ಲಕ್ಷ 49 ಸಾವಿರ, ಅವರ ಮೇಲಿನ ಗೆರೆ 3 ಲಕ್ಷ 59 ಸಾವಿರ. ನಡುವೆ 1 ಲಕ್ಷ 10 ಸಾವಿರದ ಜಾಗ. ಇದು ಎಲ್ಲಿಂದ ಬಂತು ನೋಡಿ: ನಿಮ್ಮ ಮುಂದಿನ ಖರ್ಚು 60 ಸಾವಿರ, ಅವರದ್ದು 50 ಸಾವಿರ, ಎರಡೂ ಸೇರಿ ಸರಿಯಾಗಿ ಅಷ್ಟೇ. ಕೇಸು ನಡೆಸಿದ್ದರೆ ಎರಡೂ ಕಡೆಯವರು ಹೊರಗೆ ಚೆಲ್ಲುತ್ತಿದ್ದ ದುಡ್ಡು ಅದು. ರಾಜಿ ಅಂದರೆ ಅದನ್ನು ನೀವಿಬ್ಬರೇ ಹಂಚಿಕೊಳ್ಳುವುದು.

ಎಷ್ಟೋ ರಾಜಿಗಳು ಮುರಿಯುವುದು ಇಬ್ಬರಿಗೂ "ನಾನೇ ಗೆಲ್ಲೋದು" ಅನ್ನುವ ಭರವಸೆ ಇದ್ದಾಗ. ನೀವು ನೂರಕ್ಕೆ ತೊಂಬತ್ತು ಅಂತೀರಿ, ಅವರು ನಿಮಗೆ ಮೂವತ್ತು ಅಂತಾರೆ. ಆಗ ನಡುವಿನ ಜಾಗವೇ ಮಾಯ. ಮಧ್ಯಸ್ಥಗಾರರು ಇಬ್ಬರಿಗೂ ಅವರವರ ಕೇಸಿನ ತೂತು ತೋರಿಸುತ್ತಾ ಕೂರುವುದು ಇದಕ್ಕೇ. ನಿಮಗೆ ಬೇಜಾರಾಗುವ ಪ್ರಶ್ನೆ ಕೇಳಿದರು ಅಂತ ಅವರು ಎದುರಿನವರ ಪರ ಅಂದುಕೊಳ್ಳಬೇಡಿ. ಆ ಕೋಣೆಯಲ್ಲೂ ಅಂಥದ್ದೇ ಪ್ರಶ್ನೆ ಕೇಳಿರುತ್ತಾರೆ.

ಸಾಕ್ಷಿ ಶುರುವಾಗೋ ಮುಂಚೆನೇ ಮುಗಿಸಿ ಅಂತ ವಕೀಲರು ಅವಸರ ಮಾಡ್ತಾರೆ. ಏನಿದೆ ಅದರಲ್ಲಿ?

ಕೋರ್ಟ್ ಫೀ ಇದೆ. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆಯ 66ನೇ ಕಲಮಿನ ಪ್ರಕಾರ, ಸಾಕ್ಷ್ಯ ದಾಖಲಾಗುವ ಮೊದಲೇ ರಾಜಿಯಾದರೆ ಕಟ್ಟಿದ ಫೀಯಲ್ಲಿ ಅರ್ಧ ವಾಪಸ್. ನಮ್ಮ ಉದಾಹರಣೆಯಲ್ಲಿ 16 ಸಾವಿರದ ಚಿಲ್ಲರೆ. ಕೋರ್ಟಿನಲ್ಲಿರುವ ಕೇಸು ಲೋಕ ಅದಾಲತ್‌ನಲ್ಲಿ ಮುಗಿದರೆ ಪೂರ್ತಿ ಫೀ ವಾಪಸ್. ಅದಕ್ಕೇ ಎಷ್ಟೋ ಕೇಸುಗಳಲ್ಲಿ ಮಾತು ಮೊದಲೇ ಮುಗಿದಿದ್ದರೂ "ಮುಂದಿನ ಲೋಕ ಅದಾಲತ್‌ಗೆ ಹಾಕಿಸೋಣ" ಅಂತ ವಕೀಲರು ಕಾಯುವುದು. ಮೀಡಿಯೇಶನ್‌ನಲ್ಲಿ ಮುಗಿದರೂ ಫೀ ವಾಪಸಿಗೆ ಕೇಳಿ, ಆದೇಶದಲ್ಲೇ ಬರೆಸಿಕೊಳ್ಳಿ. ಆದೇಶದಲ್ಲಿ ಇಲ್ಲದಿದ್ದರೆ ಆಮೇಲೆ ಅಲೆದಾಟ.

ಇನ್ನೊಂದು ಕಾರಣ ದುಡ್ಡಿಗೆ ಸೇರಿದ್ದಲ್ಲ. ಪಾಟಿ ಸವಾಲಿನಲ್ಲಿ ಒಬ್ಬರನ್ನೊಬ್ಬರು ಸುಳ್ಳುಗಾರರು ಅಂತ ಕರೆದ ಮೇಲೆ ಕೂತು ಮಾತಾಡುವ ಮನಸ್ಸು ಉಳಿಯುವುದಿಲ್ಲ.

ಇಷ್ಟು ವರ್ಷ ಸುರಿದಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ, ಈಗ ರಾಜಿ ಆಗೋದು ಹೇಗೆ?

ಸುರಿದದ್ದು ರಾಜಿಯಾದರೂ ಬರುವುದಿಲ್ಲ, ಕೇಸು ನಡೆಸಿದರೂ ಹೆಚ್ಚಿನದು ಬರುವುದಿಲ್ಲ. ಗೆದ್ದವರಿಗೆ ಖರ್ಚು ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಡಿಕ್ರಿಯಲ್ಲಿ ಬರೆಯುವ ವಕೀಲರ ಫೀ ನೀವು ನಿಜವಾಗಿ ಕೊಟ್ಟದ್ದರ ಹತ್ತಿರಕ್ಕೂ ಬರುವುದಿಲ್ಲ. ಬೇಕಂತಲೇ ಸುಳ್ಳು ದಾವೆ ಹಾಕಿದವರ ಮೇಲೆ 35ಎ ಕಲಮಿನಡಿ ಹಾಕಬಹುದಾದ ಪರಿಹಾರದ ಮಿತಿ ಇವತ್ತಿಗೂ 3,000 ರೂಪಾಯಿ. ನಗು ಬರುತ್ತದೆ, ಆದರೆ ಕಾನೂನು ಅದೇ. ಹಾಗಾಗಿ ಕಳೆದದ್ದನ್ನು ಬಿಟ್ಟು ಇವತ್ತಿನಿಂದ ಮುಂದಕ್ಕೆ ಲೆಕ್ಕ ಹಾಕಿ.

ಚೆಕ್ ಬೌನ್ಸ್ ಕೇಸಲ್ಲಿ ಲೇಟಾಗಿ ರಾಜಿಯಾದ್ರೆ ದಂಡ ಅಂತಾರೆ, ನಿಜಾನಾ?

ನಿಜ. ತಡಕ್ಕೆ ಕೋರ್ಟೇ ಬೆಲೆ ಕಟ್ಟಿದ ಅಪರೂಪದ ಜಾಗ ಇದು. 2010ರಲ್ಲಿ ದಾಮೋದರ ಪ್ರಭು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಮೆಟ್ಟಿಲಾಗಿ ದರ ಹಾಕಿತು: ಶುರುವಿನಲ್ಲೇ ರಾಜಿಯಾದರೆ ಏನೂ ಇಲ್ಲ, ತಡ ಮಾಡಿದರೆ ಚೆಕ್ ಮೊತ್ತದ 10 ಪರ್ಸೆಂಟ್, ಮೇಲಿನ ಕೋರ್ಟಿನಲ್ಲಿ 15, ಸುಪ್ರೀಂ ಕೋರ್ಟಿನ ತನಕ ಎಳೆದರೆ 20. 2025ರಲ್ಲಿ ಈ ದರಗಳನ್ನು ಇಳಿಸಿ 5, 7.5 ಮತ್ತು 10 ಮಾಡಿದರು. ಆರೋಪಿಯ ಕಡೆಯ ಸಾಕ್ಷ್ಯ ದಾಖಲಾಗುವ ಮುಂಚೆ ಚೆಕ್ಕಿನ ಹಣ ಕಟ್ಟಿದರೆ ಏನೂ ಇಲ್ಲ. ಸಿವಿಲ್ ದಾವೆಗಳಲ್ಲೂ ಇಂಥದ್ದೊಂದು ಇದ್ದಿದ್ದರೆ ಎಳೆದಾಟ ಎಷ್ಟೋ ಕಡಿಮೆಯಾಗುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

## ಸ್ವಲ್ಪ ಆಳದ ಪ್ರಶ್ನೆಗಳು

ದುಡ್ಡಿದ್ದವನು ಕಾಯ್ತಾನೆ, ಇಲ್ಲದವನು ಬಗ್ತಾನೆ. ಇದಕ್ಕೆ ನ್ಯಾಯ ಅಂತಾರಾ?

ಈ ಆಕ್ಷೇಪಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಯಾಕೆಂದರೆ ಅದು ಸರಿ. ಮೇಲಿನ ಲೆಕ್ಕದಲ್ಲಿ 12ರ ಜಾಗಕ್ಕೆ 24 ಹಾಕಿ ನೋಡಿ. ಬಡ್ಡಿ ವ್ಯಾಪಾರಿಯ ಹತ್ತಿರ ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ ಸಾಲ ತಂದವರ ದರ ಅದು. ಆಗ ನಿಮ್ಮ ಕೆಳಗಿನ ಗೆರೆ 1 ಲಕ್ಷ 73 ಸಾವಿರಕ್ಕೆ ಕುಸಿಯುತ್ತದೆ. ಕೇಸು ಅದೇ, ಸಾಕ್ಷಿ ಅದೇ, ಕಷ್ಟ ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ ಕಡಿಮೆಗೆ ಒಪ್ಪಬೇಕಾಗುತ್ತದೆ. ಕೋರ್ಟಿನ 6 ಪರ್ಸೆಂಟ್ ಬಡ್ಡಿಗೆ ದುಡ್ಡು ಇಟ್ಟುಕೊಂಡು ಹೊರಗೆ ಅದಕ್ಕಿಂತ ಜಾಸ್ತಿ ದುಡಿಸುವವನಿಗೆ ತಡವೇ ಲಾಭ.

ಆದರೂ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಎದುರಿನವರು ಆಸ್ತಿ ಮಾರಲು ಹೊರಟ ಸುಳಿವು ಸಿಕ್ಕರೆ ತೀರ್ಪಿಗೆ ಮುಂಚೆ ಜಪ್ತಿ ಕೋರಿ ಅರ್ಜಿ ಹಾಕಬಹುದು. ಸುಮ್ನೆ ಅನುಮಾನ ಸಾಲದು, ಯಾವ ಆಸ್ತಿ, ಯಾರಿಗೆ, ಯಾವಾಗ ಅಂತ ತೋರಿಸಬೇಕು. ಆ ಆದೇಶ ಸಿಕ್ಕರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ವಕೀಲರ ಖರ್ಚು ಭಾರವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಇದೆ. ನಿಮ್ಮ ಮುಂದಿನ ಖರ್ಚು ಇಳಿದಷ್ಟೂ ನಿಮ್ಮ ಗೆರೆ ಮೇಲೇರುತ್ತದೆ.

ಎಲ್ಲಾ ಕೇಸೂ ರಾಜಿಗೆ ಕಳಿಸ್ತಾರಾ?

ಇಲ್ಲ. ಆಫ್ಕಾನ್ಸ್ ತೀರ್ಪು ಕೆಲವನ್ನು ಹೊರಗಿಟ್ಟಿದೆ. ಊರಿನ ಎಲ್ಲರ ಪರವಾಗಿ ಹಾಕಿದ ದಾವೆ, ಚುನಾವಣಾ ತಕರಾರು, ಫೋರ್ಜರಿ ಅಥವಾ ವಂಚನೆಯ ಗಂಭೀರ ಆರೋಪ ಇರುವ ಕೇಸು ಇವೆಲ್ಲ ರಾಜಿಗೆ ಹೊಂದುವುದಿಲ್ಲ. ನಿಮ್ಮ ಸಹಿಯನ್ನೇ ನಕಲು ಮಾಡಿದ್ದಾರೆ ಅಂತಾದರೆ ಅದು ಖರ್ಚಿನ ಲೆಕ್ಕ ಹಾಕುವ ಕೇಸಲ್ಲ, ತೀರ್ಪು ಬೇಕಾದ ಕೇಸು. ಮೈನರ್ ಮಕ್ಕಳು ಪಾರ್ಟಿಯಾಗಿದ್ದರೆ ಕೋರ್ಟಿನ ಅನುಮತಿ ಇಲ್ಲದೆ ಅವರ ಪರ ರಾಜಿ ಮಾಡಿಕೊಳ್ಳುವಂತಿಲ್ಲ.

ದಾವೆ ಹಾಕೋ ಮುಂಚೆನೇ ಮಾತಾಡಿ ಮುಗಿಸಬಹುದಲ್ವಾ?

ಮುಗಿಸಬಹುದು, ಅದಕ್ಕಿಂತ ಅಗ್ಗದ ದಾರಿ ಇಲ್ಲ. 3 ಲಕ್ಷ ಅಥವಾ ಅದಕ್ಕೂ ಮೇಲಿನ ವ್ಯಾಪಾರದ ವ್ಯಾಜ್ಯವಾದರೆ ಅದು ಕಡ್ಡಾಯ ಕೂಡ. ತುರ್ತು ಆದೇಶ ಬೇಕಿಲ್ಲದಿದ್ದರೆ ಮೊದಲು ಮೀಡಿಯೇಶನ್‌ಗೆ ಹೋಗಲೇಬೇಕು, ಹೋಗದೆ ಹಾಕಿದ ದಾವೆ ನಿಲ್ಲುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮೀಡಿಯೇಶನ್‌ನ ಅವಧಿ ದಾವೆ ಹಾಕಲು ಇರುವ ಕಾಲಮಿತಿಯ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಕೈಸಾಲಕ್ಕೆ ಕಾಲಮಿತಿ 3 ವರ್ಷ. ಊರ ಹಿರಿಯರ ಮುಂದೆ ಪಂಚಾಯ್ತಿ ನಡೆಯುತ್ತಿದೆ ಅಂತ ಆ ಗಡಿಯಾರ ನಿಲ್ಲುವುದಿಲ್ಲ. "ಬರೋ ಹಬ್ಬಕ್ಕೆ ಕೊಡ್ತೀನಣ್ಣ" ಅನ್ನುತ್ತಲೇ 3 ವರ್ಷ ದಾಟಿಸುವವರಿದ್ದಾರೆ. ಮಾತುಕತೆ ನಡೆಯಲಿ, ಆದರೆ ಅವಧಿ ಮುಗಿಯುವ ಮೊದಲೇ "ಇಷ್ಟು ಸಾಲ ಬಾಕಿ ಇದೆ" ಅಂತ ಸಹಿ ಮಾಡಿದ ಪತ್ರ ತೆಗೆದುಕೊಳ್ಳಿ. ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ.

ರಾಜಿ ಅರ್ಜಿ ಬರೆಯುವಾಗ ಏನು ನೋಡ್ಕೋಬೇಕು?

ಮೊತ್ತಕ್ಕಿಂತ ಜಾಸ್ತಿ, ಕಂತು ತಪ್ಪಿದರೆ ಏನು ಅನ್ನುವುದನ್ನು. "3 ಲಕ್ಷಕ್ಕೆ ರಾಜಿ, ತಪ್ಪಿದರೆ 5 ಲಕ್ಷ ಕೊಡಬೇಕು" ಅಂತ ಬರೆದರೆ, ಆ ಹೆಚ್ಚಿನ 2 ಲಕ್ಷ ದಂಡ, ಅದು ಕೊಡಬೇಕಿಲ್ಲ ಅಂತ ಆಮೇಲೆ ವಾದ ಹೂಡುತ್ತಾರೆ. ತಿರುಗಿಸಿ ಬರೆಯಿರಿ: ಪ್ರತಿವಾದಿ 5 ಲಕ್ಷ ಬಾಕಿಯನ್ನು ಒಪ್ಪಿದ್ದಾರೆ, 5 ಲಕ್ಷಕ್ಕೆ ಡಿಕ್ರಿ ಆಗಲಿ, ಇಂಥ ತಾರೀಕಿನೊಳಗೆ 3 ಲಕ್ಷ ಕಟ್ಟಿದರೆ ವಾದಿ ಉಳಿದದ್ದನ್ನು ಬಿಡುತ್ತಾರೆ. ಹೀಗೆ ಬರೆದಾಗ ಅದು ದಂಡವಲ್ಲ, ಸಮಯಕ್ಕೆ ಕಟ್ಟಿದವರಿಗೆ ಕೊಟ್ಟ ರಿಯಾಯ್ತಿ. ಎದುರಿನವರು ಬಾಕಿ ಒಪ್ಪಲು ತಯಾರಿಲ್ಲದಿದ್ದರೆ ಮೊದಲ ಕಂತನ್ನಾದರೂ ದೊಡ್ಡದು ಮಾಡಿ, ಡಿಡಿಯನ್ನು ಕೋರ್ಟ್ ಹಾಲಿನಲ್ಲೇ ತೆಗೆದುಕೊಳ್ಳಿ.

ಅರ್ಜಿಗೆ ಎರಡೂ ಪಾರ್ಟಿಗಳೇ ಸಹಿ ಹಾಕಲಿ, ವಕೀಲರ ಸಹಿ ಮಾತ್ರ ಸಾಲದು. ಚೆಕ್ ಬೌನ್ಸ್ ಕೇಸು ಬೇರೆ ಇದ್ದರೆ ಅದನ್ನು ಯಾವಾಗ ವಾಪಸ್ ತೆಗೆಯಬೇಕು ಅನ್ನುವುದನ್ನೂ ಬರೆಯಿರಿ. ಪೂರ್ತಿ ದುಡ್ಡು ಬಂದ ಮೇಲೆ ಅಂತ ಬರೆದರೆ ನಿಮಗೆ ಕ್ಷೇಮ.

ಸಹಿ ಹಾಕಿದ ಮೇಲೆ ಮನಸ್ಸು ಬದಲಾದ್ರೆ? ಅವರು ಕಂತು ಕಟ್ಟದಿದ್ರೆ?

ಮನಸ್ಸು ಬದಲಾಯಿತು ಅನ್ನುವುದು ಕಾರಣವಲ್ಲ. ಮೋಸದಿಂದ ಸಹಿ ಹಾಕಿಸಿದರು, ರಾಜಿಯೇ ಆಗಿರಲಿಲ್ಲ ಅಂತಾದರೆ ಡಿಕ್ರಿ ಕೊಟ್ಟ ಅದೇ ಕೋರ್ಟಿನ ಮುಂದೆ ಅರ್ಜಿ ಹಾಕಬೇಕು. ರಾಜಿ ಡಿಕ್ರಿ ರದ್ದು ಮಾಡಿ ಅಂತ ಹೊಸ ದಾವೆ ಹಾಕಲು ಬರುವುದಿಲ್ಲ. ಲೋಕ ಅದಾಲತ್ ಅವಾರ್ಡ್ ಆದರೆ ಇರುವುದು ಹೈಕೋರ್ಟಿನ ರಿಟ್ ದಾರಿ, ಅದೂ ಕಿರಿದು.

ಅವರು ಕಟ್ಟದಿದ್ದರೆ ನೀವು ಮತ್ತೆ ಮೊದಲಿನಿಂದ ಕೇಸು ನಡೆಸಬೇಕಿಲ್ಲ. ರಾಜಿ ಡಿಕ್ರಿಯನ್ನೇ ಹಿಡಿದು ನೇರವಾಗಿ ಅಮಲ್ಜಾರಿ ಅರ್ಜಿ ಹಾಕಬಹುದು. ಅದಕ್ಕೆ 12 ವರ್ಷ ಕಾಲಾವಕಾಶ, ಕಂತಿನ ಡಿಕ್ರಿಯಾದರೆ ಕಂತು ತಪ್ಪಿದ ದಿನದಿಂದ ಲೆಕ್ಕ. ಆಸ್ತಿಯ ಸರ್ವೆ ನಂಬರು, ಬ್ಯಾಂಕ್ ಖಾತೆ, ಸಂಬಳ ಕೊಡುವವರು ಯಾರು, ಇವನ್ನೆಲ್ಲ ರಾಜಿ ಮಾತಾಡುವಾಗಲೇ ಕೇಳಿ ಬರೆದಿಟ್ಟುಕೊಂಡಿರಿ. ಸಂಬಂಧ ಚೆನ್ನಾಗಿರುವ ಆ ಒಂದು ವಾರದಲ್ಲಿ ಸುಲಭವಾಗಿ ಸಿಗುವ ವಿವರ, ಕಂತು ತಪ್ಪಿದ ಮೇಲೆ ಕೇಳಿದರೆ ಸಿಗುವುದಿಲ್ಲ.